ಹನ್ನೆರಡು ಮೈಕ್ರಾನಿನ ಕಾಗದ

"ಮಾನ್ಯರೇ,

ನೀವು ಕಳಿಸಿದ ಬೇರಿಂಗ್ ಹೌಸಿಂಗುಗಳು ಅರವತ್ತೂ ಬಂದು ತಲುಪಿವೆ. ಅವುಗಳಲ್ಲಿ ಹತ್ತೊಂಬತ್ತನ್ನು ಇಟ್ಟುಕೊಂಡು ನಲವತ್ತೊಂದನ್ನು ವಾಪಸು ಕಳಿಸುತ್ತಿದ್ದೇನೆ. ಯಾಕೆಂದು ಬಿಡಿಸಿ ಬರೆದಿದ್ದೇನೆ. ಸಿಟ್ಟು ಬಂದರೂ ಕೊನೆಯವರೆಗೆ ಓದಬೇಕು.

ಡ್ರಾಯಿಂಗಿನಲ್ಲಿ ಬೇರಿಂಗು ಕೂರುವ ದುಂಡು ತೂತಿನ, ಅಂದರೆ ಬೋರಿನ ಅಳತೆ ಐವತ್ತೆರಡು ಮಿಲಿಮೀಟರು. ಅದಕ್ಕಿಂತ ಕಡಿಮೆ ಇರಬಾರದು. ಹೆಚ್ಚಾದರೆ ಮೂವತ್ತು ಮೈಕ್ರಾನಿನವರೆಗೆ ಆಗಬಹುದು. ಅಂದರೆ 52.000ದಿಂದ 52.030ರ ಒಳಗೆ. ವಾಪಸು ಬರುತ್ತಿರುವ ನಲವತ್ತೊಂದರಲ್ಲಿ ಅಳತೆ 52.031ರಿಂದ 52.038ರವರೆಗೆ ಇದೆ. ಮಾಲನ್ನು ಒಂದು ದಿನವಿಡೀ ಅಳತೆ ಕೋಣೆಯಲ್ಲೇ ಇಟ್ಟು, ಬಿಸಿ ಆರಿಸಿ, ಪ್ರತಿ ಬೋರನ್ನೂ ಎರಡು ಆಳದಲ್ಲಿ, ಅಡ್ಡಕ್ಕೂ ಉದ್ದಕ್ಕೂ ಅಳೆದಿದ್ದೇನೆ. ಬೋರು ದುಂಡಗಿದೆ, ನೇರವಾಗಿದೆ, ಒಳಗಿನ ನುಣುಪು ಬಹಳ ಚೆನ್ನಾಗಿದೆ. ದೊಡ್ಡದಾಗಿದೆ, ಅಷ್ಟೇ ತಪ್ಪು. ಆದರೆ ಬೋರು ದೊಡ್ಡದಾದರೆ ಬೇರಿಂಗಿನ ಹೊರಬಳೆ ಬಿಗಿಯಾಗಿ ಕೂರದೆ ತಾನೂ ತಿರುಗುತ್ತದೆ, ಹೌಸಿಂಗನ್ನು ಇನ್ನಷ್ಟು ಸವೆಸುತ್ತದೆ. ಚಿಕ್ಕದಾಗಿದ್ದರೆ ಇನ್ನೊಮ್ಮೆ ಕೊರೆಯಬಹುದಿತ್ತು. ದೊಡ್ಡದನ್ನು ಚಿಕ್ಕದು ಮಾಡುವ ಉಪಾಯ ಯಾರ ಹತ್ತಿರವೂ ಇಲ್ಲ. ಒಳಗೆ ಇನ್ನೊಂದು ಬಳೆ, ಬುಷ್ ಕೂರಿಸುವ ಯೋಚನೆ ಬಂದರೆ, ಡ್ರಾಯಿಂಗಿನವರ ಒಪ್ಪಿಗೆ ಇಲ್ಲದೆ ಮಾಡಬೇಡಿ.

ಇನ್ನೊಂದು ಮಾತು. ಮಾಲಿನ ಜೊತೆ ನೀವು ಕಳಿಸಿದ ಅಳತೆಪಟ್ಟಿಯನ್ನೂ ನನ್ನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಿಮ್ಮದು 52.014 ಎಂದಿದ್ದ ಕಡೆ ನನ್ನದು 52.026. ನಿಮ್ಮದು 52.026 ಎಂದಿದ್ದ ಕಡೆ ನನ್ನದು 52.038. ಅರವತ್ತಕ್ಕೂ ಹನ್ನೆರಡೇ ಮೈಕ್ರಾನು ವ್ಯತ್ಯಾಸ. ಕೈ ತಪ್ಪಿದರೆ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಆಗುತ್ತದೆ. ಹೀಗೆ ಒಂದೇ ಸಮ ತಪ್ಪಿದರೆ ಅದು ಕೈಯ ತಪ್ಪಲ್ಲ. ಲೇತಿನ ತಪ್ಪೂ ಅಲ್ಲ. ಗೇಜಿಗೆ ಸೊನ್ನೆ ಕೂಡಿಸುವ ನಿಮ್ಮ ರಿಂಗನ್ನು ದಯವಿಟ್ಟು ಪರೀಕ್ಷೆ ಮಾಡಿಸಿ. ನನ್ನ ರಿಂಗನ್ನು ನಾನು ಮೊದಲೇ ಪರೀಕ್ಷಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ."

ಇಷ್ಟು ಬರೆದು, ಕೆಳಗೆ ಸಹಿ ಹಾಕಿ, ಮೈಕ್ರಾನಕ್ಕ ಪೆನ್ನಿನ ಮುಚ್ಚಳ ಹಾಕಿದಳು.

ಮೈಕ್ರಾನಕ್ಕ ಎನ್ನುವುದು ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರೆತ್ತುವ ಪಂಪು ತಯಾರಾಗುವ ಆ ಕಾರ್ಖಾನೆಯಲ್ಲಿ ಹೊರಗಿನಿಂದ ಬರುವ ಮಾಲನ್ನು ಅಳೆದು ಸರಿ, ತಪ್ಪು ಹೇಳುವ ಕೆಲಸ ಅವಳದು. ಒಂದು ಕೂದಲೆಳೆಯ ದಪ್ಪದಲ್ಲಿ ಎಪ್ಪತ್ತು ಮೈಕ್ರಾನು ಇರುತ್ತದಂತೆ. ಅಂಥದ್ದರಲ್ಲಿ ಒಂದೊಂದನ್ನೂ ಬಿಡದೆ ಹಿಡಿಯುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಹದಿನೆಂಟು ವರ್ಷದ ಕೆಳಗೆ ಅವಳು ಅಲ್ಲಿಗೆ ಬಂದದ್ದು ಮಾಲು ಒರೆಸಿ ಕಾಗದ ಸುತ್ತುವ ಕೆಲಸಕ್ಕೆ. ಒರೆಸುತ್ತ ಒರೆಸುತ್ತಲೇ ಅಳೆಯುವವರ ಕೈಯನ್ನು ನೋಡಿ ಕಲಿತಳು. ಆಮೇಲೆ ಸಂಜೆಯ ತರಗತಿಗೆ ಹೋಗಿ ಡ್ರಾಯಿಂಗು ಓದುವುದನ್ನು ಕಲಿತಳು. ಅಳತೆ ಕೋಣೆಯ ಮೇಜು ಅವಳ ಪಾಲಿಗೆ ಬಂದು ಈಗಷ್ಟೇ ಮೂರು ತಿಂಗಳಾಗಿತ್ತು.

ಆದರೆ ಅಳತೆ ಅವಳಿಗೆ ಹುಟ್ಟಿನಿಂದ ಬಂದದ್ದು. ಅವಳ ತಾಯಿ ಬಟ್ಟೆ ಹೊಲಿಯುತ್ತಿದ್ದವಳು. ಅಳತೆಗೆ ನಿಂತ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರಲ್ಲ, ಆ ತಾಯಿ ಟೇಪು ಹಿಡಿದುಕೊಂಡು ಏನಾದರೊಂದು ನಗೆಮಾತು ಆಡುವಳು. ಅವರು ನಕ್ಕು ಉಸಿರು ಬಿಟ್ಟ ಗಳಿಗೆಗೆ ಸರಿಯಾಗಿ ಟೇಪು ಸುತ್ತುವಳು. "ಅವರು ತೋರಿಸೋ ಅಳತೆ ಬೇರೆ, ಇರೋ ಅಳತೆ ಬೇರೆ ಕಣೇ. ಇರೋದಕ್ಕೆ ಹೊಲೀಬೇಕು" ಎನ್ನುವಳು. ಮಗಳು ಕಬ್ಬಿಣವನ್ನು ಅಳೆಯುವಾಗಲೂ ಅದೇ ಬುದ್ಧಿ.

ಆ ಕಾಗದವನ್ನು ಹಿಡಿದುಕೊಂಡು ಅವಳು ಖರೀದಿ ವಿಭಾಗದ ಸಾಹೇಬರ ಮುಂದೆ ಹೋಗಿ ನಿಂತಳು. ಅಚ್ಚು ಹಾಕಿದ ರಿಜೆಕ್ಷನ್ ನೋಟಿನಲ್ಲಿ 'ಕಾರಣ' ಎಂದು ಬರೆಯಲು ಇದ್ದ ಜಾಗ ಹೆಬ್ಬೆರಳಿನಷ್ಟು. ಅದರಲ್ಲಿ ಅವಳು 'ಬೋರು ದೊಡ್ಡದು, ಜೊತೆಯ ಕಾಗದ ನೋಡಿ' ಎಂದು ಬರೆದು, ಉದ್ದನೆಯ ಕಾಗದವನ್ನು ಪಿನ್ನು ಹಾಕಿ ಸೇರಿಸಿದ್ದಳು.

ಸಾಹೇಬರು ಕಾಗದದ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಏನಮ್ಮಾ ಇದು? ಮಾಲು ವಾಪಸ್ ಕಳ್ಸೋದೋ, ಪ್ರೇಮಪತ್ರ ಬರೆಯೋದೋ?"

"ಈ ಮಾಲು ಮಾಡಿದ ಮೇಸ್ತ್ರಿಗೆ ಎಪ್ಪತ್ತಾಯ್ತು ಸಾರ್. ಪ್ರೇಮಪತ್ರಕ್ಕೆ ಅವ್ರ ಮನೆಯವ್ರು ಒಪ್ಪಲ್ಲ."

ಸಾಹೇಬರು ನಕ್ಕರು. ನಕ್ಕಮೇಲೆ ಮುಖ ಸಣ್ಣದು ಮಾಡಿಕೊಂಡರು. "ಆದ್ರೂ ಕಷ್ಟ ಆಯ್ತಲ್ಲಮ್ಮಾ. ಈ ವರ್ಷ ಅವ್ರದ್ದು ಇದು ಎರಡ್ನೇ ಲಾಟು ವಾಪಸ್ ಹೋಗ್ತಿರೋದು. ಎರಡಾದ್ರೆ ಮಾಲು ಕೊಡೋರ ಪಟ್ಟಿಯಿಂದ ಹೆಸ್ರು ತೆಗೀಬೇಕು, ನಿಯಮ."

"ಅದೇ ನಿಯಮದ ಕೆಳಗೆ ಇನ್ನೊಂದು ಸಾಲಿದೆ ಸಾರ್. ಏಳು ದಿನದಲ್ಲಿ ಕಾರಣ ಹುಡುಕಿ, ತಿದ್ದಿ, ಹತ್ತು ಪೀಸು ಸರಿಯಾಗಿ ಮಾಡಿ ತೋರಿಸಿದ್ರೆ ಪಟ್ಟೀಲಿ ಇರ್ಬಹುದು."

"ಅದನ್ನೂ ಓದಿದ್ದೀಯಾ?"

"ಕೆಳಗಿನ ಸಾಲನ್ನೇ ನಾನು ಮೊದ್ಲು ಓದೋದು ಸಾರ್."

ಮೇಸ್ತ್ರಿ ಎಂದರೆ ಊರ ಆಚೆ ತುದಿಯಲ್ಲಿ ಮೂರು ಲೇತು ಇಟ್ಟುಕೊಂಡು, ಐದು ಜನಕ್ಕೆ ಕೆಲಸ ಕೊಟ್ಟು, ಇಪ್ಪತ್ತೆರಡು ವರ್ಷದಿಂದ ಈ ಒಂದೇ ಕಾರ್ಖಾನೆಗೆ ಹೌಸಿಂಗು ಕೊರೆದು ಕೊಡುತ್ತಿದ್ದವರು. ಈ ಪಟ್ಟಿಯಿಂದ ಹೆಸರು ಹೋದರೆ ಮೂರು ಲೇತೂ ನಿಂತಂತೆ. ಅದು ಮೈಕ್ರಾನಕ್ಕನಿಗೆ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು. ಐದು ತಿಂಗಳ ಕೆಳಗೆ ಮೊದಲ ಲಾಟು ವಾಪಸು ಹೋದಾಗ ಅವಳಿಗಿಂತ ಮುಂಚೆ ಆ ಮೇಜಿನಲ್ಲಿದ್ದವರು ಬರೆದದ್ದು ಮೂರೇ ಮಾತು: 'ಬೋರು ದೊಡ್ಡದು. ತಿರಸ್ಕೃತ.' ಪಾಪ, ಮೇಸ್ತ್ರಿ ಆ ಮೂರು ಮಾತು ಹಿಡಿದುಕೊಂಡು ಕತ್ತಲಲ್ಲಿ ಸೂಜಿ ಹುಡುಕಿದಂತೆ ಹುಡುಕಿದರು. ಕೊರೆಯುವ ಟೂಲು ಬದಲಿಸಿದರು, ಟೂಲು ಹಿಡಿಯುವ ಬಾರು ಬದಲಿಸಿದರು, ಲೇತಿನ ಅಡಿಪಾಯ ಅಲ್ಲಾಡುತ್ತಿದೆಯೆಂದು ಹೊಸದಾಗಿ ಸಿಮೆಂಟು ಹಾಕಿಸಿದರು. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಕಾಗದ ತಲುಪಿದ ಮಾರನೆಯ ದಿನ ಬೆಳಗ್ಗೆ ಹತ್ತಕ್ಕೆ ಗೇಟಿನ ಕಾವಲಿನವನು ಫೋನು ಮಾಡಿದ. "ಅಕ್ಕಾ, ಮೇಸ್ತ್ರಿ ಬಂದವ್ರೆ. ಅಮ್ಮಾವ್ರೂ ಜೊತೇಲಿ ಬಂದವ್ರೆ. ಮೇಸ್ತ್ರಿ ಮುಖ ಕೆಂಡ ಆಗಿದೆ. ಒಳಗೆ ಬಿಡ್ಲಾ, ಸ್ವಲ್ಪ ಆರ್ಲಿ ಅಂತ ಇಲ್ಲೇ ಕೂರಿಸ್ಲಾ?"

"ಬಿಡು. ಆರೋದಕ್ಕೆ ನಮ್ಮ ಕೋಣೇನೇ ತಂಪು."

ಹೌದು, ಅಳತೆ ಕೋಣೆ ಯಾವಾಗಲೂ ಇಪ್ಪತ್ತು ಡಿಗ್ರಿಯಲ್ಲಿ ಇರುತ್ತಿತ್ತು. ಹೊರಗಿನಿಂದ ಬಂದವರು ಮೊದಲು ಆಹಾ ಎನ್ನುವರು, ಹತ್ತು ನಿಮಿಷಕ್ಕೆ ತೋಳು ಉಜ್ಜಿಕೊಳ್ಳುವರು. ಒಂದು ಕಿಟಕಿ, ಅದಕ್ಕೂ ಎರಡು ಪದರ ಗಾಜು. ನಡುವೆ ಕನ್ನಡಿಯಂತೆ ನಯವಾದ ಕಪ್ಪು ಕಲ್ಲಿನ ಮೇಜು. ಅದರ ಮೇಲೆ ಲೋಟ ಇಟ್ಟವನ ಗತಿ ದೇವರಿಗೇ ಪ್ರೀತಿ.

ಮೇಸ್ತ್ರಿ ಬಂದವರೇ ಕೈಲಿದ್ದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತರು. ಹಿಂದೆ ಅವರ ಹೆಂಡತಿ, ಗುಂಡಗೆ, ಗಟ್ಟಿಮುಟ್ಟಾಗಿ, ಕುತೂಹಲದ ಕಣ್ಣು ಬಿಟ್ಟುಕೊಂಡು.

"ಏನ್ ತಂಗೀ, ನನ್ನ ರಿಂಗು ತಪ್ಪಂತೆ?" ಎಂದರು ಮೇಸ್ತ್ರಿ. "ನನ್ನ ಕೈ ತಪ್ಪು ಅನ್ನು, ಕೇಳ್ತೀನಿ. ಕಣ್ಣು ಮಂಜು ಅನ್ನು, ಇರ್ಬಹುದು ಅಂತೀನಿ. ಈ ರಿಂಗು ತಪ್ಪು ಅಂದ್ರೆ ಹೇಗಮ್ಮಾ? ಇದನ್ನ ನಾನು ಮಗಳ ಹಾಗೆ ಸಾಕಿದ್ದೀನಿ!"

"ನನ್ನ ಮಗಳನ್ನ ಇಷ್ಟು ಚೆನ್ನಾಗಿ ಸಾಕ್ಲಿಲ್ಲ ಇವ್ರು" ಎಂದರು ಹೆಂಡತಿ.

"ನೀನು ಸುಮ್ನಿರೇ."

"ಕೂತ್ಕೊಳ್ಳಿ ಮೇಸ್ತ್ರಿಗಳೇ, ಅಮ್ಮಾ ನೀವೂ ಕೂತ್ಕೊಳ್ಳಿ" ಎಂದು ಮೈಕ್ರಾನಕ್ಕ ಎರಡು ಸ್ಟೂಲು ಎಳೆದಳು. "ರಿಂಗು ಸ್ವಲ್ಪ ಹೊತ್ತು ಕಲ್ಲಿನ ಮೇಲಿರ್ಲಿ. ನಿಮ್ಮ ಎದೆಯ ಬಿಸಿ ಆರ್ಬೇಕು."

"ನನ್ನ ಎದೆಯದೋ, ರಿಂಗಿನದೋ?"

"ಎರಡೂ."

ಡಬ್ಬಿ ತೆರೆದರೆ ಒಳಗೆ ಮೆತ್ತನೆ ಬಟ್ಟೆ, ಬಟ್ಟೆ ಬಿಡಿಸಿದರೆ ಇನ್ನೊಂದು ಬಟ್ಟೆ. ಅದರೊಳಗಿಂದ ಹೊರಬಂದ ಉಕ್ಕಿನ ರಿಂಗು ನೋಡಿ ಮೈಕ್ರಾನಕ್ಕ ಬೆರಗಾದಳು. ಹದಿನೆಂಟು ವರ್ಷದಲ್ಲಿ ಅವಳು ಎಷ್ಟೋ ರಿಂಗು ನೋಡಿದ್ದಳು. ಇಷ್ಟು ಹೊಳೆಯುವುದನ್ನು ನೋಡಿರಲಿಲ್ಲ. ಮುಖ ನೋಡಿ ತಲೆ ಬಾಚಬಹುದು, ಅಷ್ಟು ಥಳಥಳ. ಅವಳ ಮನಸ್ಸಿನಲ್ಲಿ ಏನೋ ಚುರುಕ್ಕೆಂದಿತು. ಆದರೆ ಅಳೆಯದೆ ಮಾತಾಡುವವಳಲ್ಲ ಅವಳು.

ಸೊನ್ನೆ ಕೂಡಿಸುವ ರಿಂಗು ಎಂದರೆ ಇಷ್ಟೇ. ಬೋರು ಅಳೆಯುವ ಗೇಜಿಗೆ ತಾನಾಗಿ ಏನೂ ಗೊತ್ತಿರುವುದಿಲ್ಲ. ಐವತ್ತೆರಡು ಎಂದರೆ ಇಷ್ಟು ಎಂದು ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಸರಿಯಾಗಿ ಐವತ್ತೆರಡಕ್ಕೆ ಮಾಡಿಟ್ಟ ಒಂದು ರಿಂಗಿನೊಳಗೆ ಗೇಜನ್ನು ಇಳಿಸಿ, ಮುಳ್ಳನ್ನು ಸೊನ್ನೆಗೆ ತಂದರೆ, ಅಲ್ಲಿಂದ ಮುಂದೆ ಅದು ಹೆಚ್ಚೆಷ್ಟು ಕಡಿಮೆಯೆಷ್ಟು ಎಂದು ತೋರಿಸುತ್ತದೆ. ಗುರುವೇ ತಪ್ಪು ಹೇಳಿಕೊಟ್ಟರೆ ಶಿಷ್ಯ ಏನು ಮಾಡಿಯಾನು?

ರಿಂಗು ತಣ್ಣಗಾಗುವವರೆಗೆ ಮೂವರೂ ಮಾತಾಡಿದರು. ಮೇಸ್ತ್ರಿ ಅವಳ ಕಾಗದವನ್ನು ಜೇಬಿನಿಂದ ತೆಗೆದರು. ಮಡಿಕೆಯಲ್ಲಿ ಆಗಲೇ ಹರಿಯುವಂತಾಗಿತ್ತು.

"ಆರು ಸಲ ಓದಿಸಿದ್ರು ನನ್ನ ಕೈಲಿ" ಎಂದರು ಹೆಂಡತಿ. "'ನುಣುಪು ಬಹಳ ಚೆನ್ನಾಗಿದೆ' ಅನ್ನೋ ಕಡೆ ಮಾತ್ರ ಎಂಟು ಸಲ."

ಮೇಸ್ತ್ರಿ ಮೀಸೆಯೊಳಗೆ ಏನೋ ಅಂದುಕೊಂಡರು.

ಆಮೇಲೆ ಮೈಕ್ರಾನಕ್ಕ ತನ್ನ ರಿಂಗನ್ನು ಕಲ್ಲಿನ ಮೇಲಿಟ್ಟಳು. ಅದಕ್ಕೆ ಪರೀಕ್ಷೆಯ ಸರ್ಟಿಫಿಕೇಟು ಬಂದು ಎರಡು ತಿಂಗಳಷ್ಟೇ ಆಗಿತ್ತು, ಅದನ್ನೂ ತೋರಿಸಿದಳು. ಗೇಜನ್ನು ಇಳಿಸಿ, ಅತ್ತ ಇತ್ತ ಮೆಲ್ಲಗೆ ತೂಗಿದಳು. ಹಾಗೆ ತೂಗುವಾಗ ಅತಿ ಕಡಿಮೆ ತೋರಿಸುವ ಜಾಗವೇ ನಿಜವಾದ ಅಳತೆ. ಅಲ್ಲಿಗೆ ಸೊನ್ನೆ ಕೂಡಿಸಿದಳು. ತೆಗೆದು, ಮತ್ತೆ ಇಳಿಸಿ, ಮತ್ತೆ ನೋಡಿದಳು. ಸೊನ್ನೆ.

"ಈಗ ನಿಮ್ಮದನ್ನ ನೀವೇ ಅಳೀರಿ ಮೇಸ್ತ್ರಿಗಳೇ" ಎಂದು ಗೇಜನ್ನು ಅವರ ಕೈಗೇ ಕೊಟ್ಟಳು.

ಗೇಜು ಕೈಗೆ ಬಂದದ್ದೇ ತಡ, ಮುದುಕರ ವಯಸ್ಸೆಲ್ಲ ಎಲ್ಲಿ ಹೋಯಿತೋ. ತೊಟ್ಟಿಲು ತೂಗಿದಂತೆ ತೂಗಿದರು. ಮುಳ್ಳು ಬಂದು ನಿಂತಿತು. ಹನ್ನೆರಡು. ಇನ್ನೊಂದು ಸಲ ತೂಗಿದರು. ಹನ್ನೆರಡು. ರಿಂಗಿನ ಬಾಯಿಯ ಹತ್ತಿರ ಹಿಡಿದು ನೋಡಿದರು. ಹದಿನಾಲ್ಕು.

ಗೇಜನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟರು.

"ಸವೆದಿದೆ" ಎಂದರು ಮೇಸ್ತ್ರಿ, ತಮಗೇ ಹೇಳಿಕೊಂಡಂತೆ. "ಬಾಯಲ್ಲಿ ಜಾಸ್ತಿ ಸವೆದಿದೆ. ಆದ್ರೆ ಗೇಜು ಇಳಿಸಿದ್ದಕ್ಕೇ ಇಷ್ಟು ಸವೆಯಲ್ಲ ತಂಗೀ. ನಾನು ಇದನ್ನ ಕೆಳಗೆ ಬೀಳಿಸಿಲ್ಲ, ಶೆಡ್ಡಲ್ಲಿ ಬಿಟ್ಟೂ ಬಂದಿಲ್ಲ. ಧೂಳು ಕೂರುತ್ತೆ ಅಂತ ದಿನಾ ಮನೆಗೆ ತಗೊಂಡು ಹೋಗ್ತೀನಿ."

"ಮನೇಲಿ ಎಲ್ಲಿಡ್ತೀರಿ?"

"ಅಡುಗೆಮನೆ ಕಪಾಟಲ್ಲಿ, ಇವಳ ಹತ್ರ."

ಮೈಕ್ರಾನಕ್ಕ ಅಮ್ಮನ ಕಡೆ ತಿರುಗಿದಳು. ಅಮ್ಮ ಎದೆಯುಬ್ಬಿಸಿ, ಶಾಲೆಯಲ್ಲಿ ಉತ್ತರ ಗೊತ್ತಿರುವ ಮಕ್ಕಳಂತೆ ಮುಂದೆ ಬಾಗಿದರು.

"ನಾನೇ ಕಣಮ್ಮಾ ನೋಡ್ಕೊಳ್ಳೋದು. ದಿನಾ ಬೆಳಗ್ಗೆ ಪಾತ್ರೆ ಉಜ್ಜಿದ್ಮೇಲೆ ಇದನ್ನೂ ಉಜ್ಜಿ ಕೊಡ್ತೀನಿ. ಆರು ವರ್ಷ ಆಯ್ತು, ಒಂದು ದಿನ ತಪ್ಪಿಸಿಲ್ಲ. ಮೊದ್ಲು ಪಾತ್ರೆ ಪುಡೀಲೇ ಉಜ್ತಿದ್ದೆ. ಈಗೊಂದು ವರ್ಷದ ಕೆಳಗೆ ಶೆಡ್ಡಿಂದ ಇವ್ರು ಒಂದು ಹಸಿರು ಪೇಸ್ಟು ತಂದಿದ್ರು, ಅಡುಗೆ ಕಟ್ಟೆಯ ನಲ್ಲಿಗೆ ಹೊಳಪು ಕೊಡೋಕೆ. ಅದರಲ್ಲಿ ಉಜ್ಜಿದ್ರೆ ಏನು ಹೊಳಪು ಅಂತೀಯಾ! ಕೋಲಿಗೆ ಬಟ್ಟೆ ಸುತ್ತಿ, ಪೇಸ್ಟು ಹಚ್ಚಿ, ಒಳಗೆ ಗರಗರ ಗರಗರ ತಿರುಗಿಸ್ತೀನಿ..."

ಆಕೆ ಕೈಯಲ್ಲಿ ತಿರುಗಿಸಿಯೂ ತೋರಿಸಿದರು. ತಿರುಗಿಸುತ್ತ ತಿರುಗಿಸುತ್ತ, ಎದುರಿನ ಎರಡು ಮುಖ ನೋಡಿ, ಕೈ ನಿಧಾನವಾಗಿ ನಿಂತಿತು.

"...ಉಜ್ಜಬಾರದಿತ್ತಾ?"

ಹಸಿರು ಪೇಸ್ಟು ಉಕ್ಕನ್ನೇ ತಿಂದು ನಯಮಾಡುವಂಥದ್ದು. ಮೇಸ್ತ್ರಿ ಹೆಂಡತಿಯನ್ನು ನೋಡಿದರು. ಐದು ತಿಂಗಳ ಸಂಕಟ, ಹೊಸ ಟೂಲು, ಹೊಸ ಬಾರು, ಹೊಸ ಸಿಮೆಂಟು ಎಲ್ಲವೂ ಅವರ ಮುಖದ ಮೇಲೆ ಒಂದರ ಹಿಂದೊಂದು ಹಾದುಹೋದವು.

ಮೇಸ್ತ್ರಿಯ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಗು.

"ಲೇ... ಲೇತು ಮೂರಲ್ಲ ಕಣೇ ನಮ್ಮದು, ನಾಲ್ಕು! ನಾಲ್ಕ್ನೇದು ಅಡುಗೆಮನೇಲಿತ್ತು! ದಿನಾ ಓಡ್ತಿತ್ತು, ಭಾನುವಾರಾನೂ ರಜ ಇಲ್ಲ!"

"ನಂಗೇನು ಗೊತ್ತು? ಹೊಳೀಲಿ ಅಂತ..." ಆಕೆ ಅಳುವುದೋ ನಗುವುದೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನೀವಾದ್ರೂ ಹೇಳ್ಬಾರದಿತ್ತಾ? ಬೆಳಗ್ಗೆ ಕೈಗೆ ಕೊಟ್ರೆ 'ಭೇಷ್' ಅಂತಿದ್ರಿ!"

"ಅಂತಿದ್ದೆ. ನನ್ನದೇ ತಪ್ಪು." ಮೇಸ್ತ್ರಿ ಕಣ್ಣೊರೆಸಿಕೊಂಡರು. "ವರ್ಷಕ್ಕೊಂದು ಸಲ ಪರೀಕ್ಷೆಗೆ ಕಳಿಸ್ಬೇಕು ಅಂತ ಇದೆ ತಂಗೀ. ಇಷ್ಟು ಹೊಳೀತಾ ಇರೋದನ್ನ ಯಾಕೆ ಕಳಿಸೋದು ಅಂತ ಸುಮ್ನಿದ್ದೆ. ಹೊಳಪು ನೋಡಿ ಅಳತೆ ಬಿಟ್ಟೆ. ನಲವತ್ತು ವರ್ಷ ಲೇತು ತಿರುಗಿಸಿದವನು ಮಾಡೋ ಕೆಲಸವಾ ಇದು?"

ಮೈಕ್ರಾನಕ್ಕನಿಗೂ ನಗು ತಡೆಯಲಾಗಲಿಲ್ಲ. ಆದರೂ ಅಮ್ಮನ ಕೈ ಹಿಡಿದು ಹೇಳಿದಳು. "ಅಮ್ಮಾ, ನೀವು ತಿರುಗಿಸಿದ್ದು ಎಷ್ಟು ಒಂದೇ ಸಮ ಅಂದ್ರೆ, ರಿಂಗು ಸುತ್ತಲೂ ಒಂದೇ ತರ ಸವೆದಿದೆ, ಎಲ್ಲೂ ಸೊಟ್ಟ ಇಲ್ಲ. ಹೀಗೆ ಉಜ್ಜೋಕೆ ನಮ್ಮಲ್ಲಿ ಸಂಬಳ ಕೊಟ್ಟು ಜನ ಇಟ್ಕೋತಾರೆ."

"ಹಾಗಾದ್ರೆ ನಂಗೂ ಒಂದು ಕೆಲ್ಸ ಕೊಡ್ಸಿ" ಎಂದರು ಆಕೆ, ಅಳು ಬಿಟ್ಟು ನಗುವನ್ನೇ ಆರಿಸಿಕೊಂಡು.

ಅಲ್ಲೇ ಕುಳಿತು ಮೇಸ್ತ್ರಿ ಉತ್ತರ ಬರೆಸಿದರು. ಅವರು ಹೇಳಿದ್ದನ್ನು ಹೆಂಡತಿಯೇ ಬರೆದರು: 'ರಿಂಗು ಉಜ್ಜಿ ಉಜ್ಜಿ ಹನ್ನೆರಡು ಮೈಕ್ರಾನು ದೊಡ್ಡದಾಗಿತ್ತು. ಆದ್ದರಿಂದ ಗೇಜು ಪ್ರತಿ ಬೋರನ್ನೂ ಹನ್ನೆರಡು ಕಡಿಮೆ ತೋರಿಸಿತು. ಹೊಸ ರಿಂಗು ಸರ್ಟಿಫಿಕೇಟಿನ ಸಮೇತ ತರುತ್ತೇವೆ. ಇನ್ನು ಮುಂದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ ಇಡುತ್ತೇವೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇವೆ.' ಯಾರು ಉಜ್ಜಿದರು ಎಂದು ಬರೆಯಲು ಮೇಸ್ತ್ರಿ ಬಿಡಲಿಲ್ಲ. "ಮನೆ ವಿಷಯ ಮನೇಲಿರ್ಲಿ" ಎಂದರು. ಆ ಮನೆ ವಿಷಯ ಅವರಿಬ್ಬರೂ ಗೇಟು ದಾಟುವಷ್ಟರಲ್ಲಿ ಕಾರ್ಖಾನೆಗೆಲ್ಲ ಹಬ್ಬಿತ್ತು. ಗೇಟಿನ ಕಾವಲಿನವನಿಗೆ ಅದನ್ನು ಹೇಳಿದವರು ಸ್ವತಃ ಮೇಸ್ತ್ರಿಯೇ.

ಏಳು ದಿನದ ಗಡುವಿನಲ್ಲಿ ಹೊಸ ರಿಂಗು ಬರಲು ನಾಲ್ಕು ದಿನ ಹೋಯಿತು. ಆ ನಾಲ್ಕು ದಿನ ಮೈಕ್ರಾನಕ್ಕನಿಗೆ ಊಟ ರುಚಿಸಲಿಲ್ಲ. ಮನೆಯಲ್ಲಿ ಅತ್ತೆಗೆ ಅದು ಗೊತ್ತಾಗದೆ ಇದ್ದೀತೇ?

"ಏನೇ, ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದ್ದೀಯ. ಎಷ್ಟು ಮೈಕ್ರಾನು ಜಾಸ್ತಿ ಆಯ್ತು ಗೊತ್ತಾ?"

"ವಾಪಸ್ ಕಳ್ಸಿ ಅತ್ತೆ, ಕಾಗದ ಬರೆದು."

"ನಾನು ನಿನ್ನ ಹಾಗೆ ಅಲ್ಲ. ಗೊಣಗ್ತೀನಿ, ಆದ್ರೆ ಕುಡೀತೀನಿ." ಅತ್ತೆ ಕುಡಿದು, ಲೋಟ ಕೆಳಗಿಟ್ಟು ಕೇಳಿದರು, "ಅಲ್ವೇ, ಆ ಮುದುಕಪ್ಪನ ಪೀಸು ಒಂದೆರಡು ಮೈಕ್ರಾನು ಆಚೆ ಇದ್ರೂ ಕಣ್ಣು ಮುಚ್ಚಿ ಹಾಕ್ಬಿಡ್ಬಾರದಾ?"

"ಹಾಕ್ಬಹುದು ಅತ್ತೆ. ಆದ್ರೆ ನಾಳೆ ಆ ಪಂಪು ಕೆಟ್ಟು ನೀರಿಲ್ದೆ ಯಾರ ಮನೇಲೋ ಅತ್ತೆ ಸೊಸೆ ಜಗಳ ಆಡ್ತಾರೆ."

"ಅಯ್ಯೋ, ಹಾಗಾದ್ರೆ ಬೇಡ ಬಿಡು" ಎಂದರು ಅತ್ತೆ, ಗಂಭೀರವಾಗಿ.

ಏಳನೆಯ ದಿನ ಹತ್ತು ಪೀಸು ಬಂದವು. ಜೊತೆಗೆ ದಂಪತಿ ಇಬ್ಬರೂ ಬಂದರು. ಪೀಸು ತಣ್ಣಗಾಗಲಿ ಎಂದು ಹಿಂದಿನ ದಿನವೇ ಕಳಿಸಬಹುದಿತ್ತು, ಆದರೆ ಮೇಸ್ತ್ರಿಗೆ ಮನಸ್ಸು ತಾಳಲಿಲ್ಲ, ತಾವೇ ತಂದರು. ಹಾಗಾಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೌಸಿಂಗುಗಳು ಕಲ್ಲಿನ ಮೇಲೆ, ಗಂಡ ಹೆಂಡತಿ ಸ್ಟೂಲಿನ ಮೇಲೆ, ಒಟ್ಟಿಗೆ ತಣ್ಣಗಾದರು. ಖರೀದಿ ಸಾಹೇಬರೂ ಏನೋ ನೆಪ ಮಾಡಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತರು.

ಮೈಕ್ರಾನಕ್ಕ ಒಂದೊಂದನ್ನೂ ಗೇಜಿನಲ್ಲಿ ಅಳೆದಳು. 52.013. 52.016. 52.012. ಮೇಸ್ತ್ರಿಯ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದಳು. ಎಲ್ಲೋ ಒಂದೆರಡು ಕಡೆ ಒಂದು ಮೈಕ್ರಾನು ಹಿಂದೆ ಮುಂದೆ, ಉಳಿದದ್ದೆಲ್ಲ ಒಂದಕ್ಕೊಂದು ತಾಳೆ. ಅವಳು ಮುಖದಲ್ಲಿ ಏನೂ ತೋರಿಸಲಿಲ್ಲ. ಹತ್ತನ್ನೂ ಮುಗಿಸಿದಳು. ಆಮೇಲೆ ಎರಡು ತಲೆಯ ಒಂದು ಉಕ್ಕಿನ ಕಡ್ಡಿ ತೆಗೆದು ಅಮ್ಮನ ಕೈಗೆ ಕೊಟ್ಟಳು.

"ಅಮ್ಮಾ, ಇದು ಪ್ಲಗ್ ಗೇಜು. ಈ ತಲೆ ಬೋರಿನೊಳಗೆ ಹೋಗ್ಬೇಕು. ಕೆಂಪು ಬಣ್ಣ ಇರೋ ಆ ತಲೆ ಹೋಗಬಾರದು. ಹೋದ್ರೆ ಬೋರು ದೊಡ್ಡದು ಅಂತ. ಕೊನೇ ತೀರ್ಪು ನಿಮ್ಮದು."

ಅಮ್ಮ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಮೊದಲ ತಲೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಆಕೆ ಉಸಿರು ಬಿಟ್ಟರು. ಕೆಂಪು ತಲೆಯನ್ನು ತಿರುಗಿಸಿ ಇಟ್ಟರು. ಕೂತಲ್ಲೇ ಕೂತಿತು.

"ಹೋಗ್ತಿಲ್ಲ" ಎಂದರು ಮೆಲ್ಲಗೆ. ಇನ್ನೊಂದು ಹೌಸಿಂಗಿಗೆ ಇಟ್ಟರು. "ಹೋಗ್ತಿಲ್ಲ!" ಮೂರನೆಯದು, ನಾಲ್ಕನೆಯದು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಆಕೆಯ ಧ್ವನಿ ಅಂಗಳಕ್ಕೆ ಕೇಳುತ್ತಿತ್ತು. "ಹೋಗ್ತಿಲ್ಲ ಕಣ್ರೀ! ಒಂದೂ ಹೋಗ್ತಿಲ್ಲ!"

ಒಂದು ವಸ್ತು ಒಳಗೆ ಹೋಗುತ್ತಿಲ್ಲವೆಂದು ಅಷ್ಟು ಸಂತೋಷಪಟ್ಟವರನ್ನು ಆ ಕಾರ್ಖಾನೆ ಅದುವರೆಗೆ ಕಂಡಿರಲಿಲ್ಲ. ಬಾಗಿಲಲ್ಲಿದ್ದ ಸಾಹೇಬರು ಚಪ್ಪಾಳೆ ತಟ್ಟಿದರು, ಪಕ್ಕದ ಕೋಣೆಯವರು ಯಾಕೆಂದು ತಿಳಿಯದೆಯೇ ತಟ್ಟಿದರು. ಮೇಸ್ತ್ರಿ ಮಾತ್ರ ಮುಖ ಆಚೆ ತಿರುಗಿಸಿಕೊಂಡು ಎರಡು ಪದರದ ಗಾಜಿನಿಂದ ಹೊರಗೆ ಏನನ್ನೋ ಬಹಳ ಹೊತ್ತು ನೋಡಿದರು.

ಮೈಕ್ರಾನಕ್ಕ ಸರಿ ಇದೆ ಎಂಬ ಚೀಟಿಗೆ ಸಹಿ ಹಾಕಿದಳು. ಸಾಹೇಬರು ಪಟ್ಟಿಯಲ್ಲಿ ಮೇಸ್ತ್ರಿಯ ಹೆಸರನ್ನು ಹಾಗೆಯೇ ಉಳಿಸಿ, "ಇನ್ಮೇಲೆ ರಿಜೆಕ್ಷನ್ ನೋಟಿನ ಕಾರಣದ ಜಾಗ ಅರ್ಧ ಪುಟ ಮಾಡಿಸ್ತೀನಮ್ಮಾ. ಅದಕ್ಕಿಂತ ಜಾಸ್ತಿ ಬರೀಬೇಡ, ಓದೋನು ನಾನೂ ಇದ್ದೀನಿ" ಎಂದರು.

ಹೋಗುವಾಗ ಮೇಸ್ತ್ರಿ ಬಾಗಿಲಲ್ಲಿ ನಿಂತು, "ತಂಗೀ, ಇಪ್ಪತ್ತೆರಡು ವರ್ಷದಲ್ಲಿ ಸರಿ ಅಂತ ಎಷ್ಟೋ ಚೀಟಿ ಬಂದಿವೆ. ಒಂದನ್ನೂ ಇಟ್ಕೊಂಡಿಲ್ಲ. ತಪ್ಪು ಅಂತ ನೀನು ಬರೆದಿದ್ದನ್ನ ಇಟ್ಕೊಂಡಿದ್ದೀನಿ" ಎಂದರು. ಅವಳು, "ಮಡಿಕೇಲಿ ಹರಿತಾ ಇದೆ ಮೇಸ್ತ್ರಿಗಳೇ, ಹಿಂದಗಡೆ ಅಂಟು ಕಾಗದ ಹಚ್ಚಿ" ಎಂದಳು.

ಸಂಜೆ ಮನೆಗೆ ಬಂದಾಗ ಅತ್ತೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಗಾಳಿ ಜೋರಾಗಿತ್ತು. ಸೊಸೆಯ ಮುಖ ನೋಡಿಯೇ ಅವರಿಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ, "ಏನಾಯ್ತೇ?" ಎಂದರು.

"ಒಂದೂ ಹೋಗ್ಲಿಲ್ಲ ಅತ್ತೆ!"

"ಹಾಂ? ಹೋಗ್ಲಿಲ್ಲ ಅಂತ ನಗ್ತಿದ್ದೀಯಾ?"

"ಹೇಳ್ತೀನಿ, ಈ ತುದಿ ಹಿಡ್ಕೊಳ್ಳಿ."

ಅತ್ತೆ ಹೊದಿಕೆಯ ಎರಡು ಮೂಲೆ ಹಿಡಿದರು, ಸೊಸೆ ಎರಡು ಮೂಲೆ ಹಿಡಿದಳು. ಇಬ್ಬರೂ ಹಿಂದಕ್ಕೆ ಸರಿದು ಎಳೆದರು, ಒಮ್ಮೆ ಕೊಡವಿದರು. ಮೈಕ್ರಾನಕ್ಕ ಕತೆ ಶುರುಮಾಡಿದಳು. ಅಡುಗೆಮನೆಯ ನಾಲ್ಕನೆಯ ಲೇತಿಗೆ ಬರುವಷ್ಟರಲ್ಲಿ ಅತ್ತೆ ನಕ್ಕು ನಕ್ಕು ತಮ್ಮ ತುದಿಯನ್ನು ಬಿಟ್ಟುಬಿಟ್ಟರು. ಹೊದಿಕೆ ಗಾಳಿಗೆ ಹಾರಿ ಸೊಸೆಯ ತಲೆಯ ಮೇಲೆ ಕೂತಿತು. ಅವಳು ಅದನ್ನು ಬಿಡಿಸಿಕೊಂಡು, ಮೂಲೆಗಳನ್ನು ಹುಡುಕಿ ಮತ್ತೆ ಅತ್ತೆಯ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಅದನ್ನು ಅರ್ಧಕ್ಕೆ ಮಡಿಸಿದರು, ಮತ್ತೆ ಅರ್ಧಕ್ಕೆ ಮಡಿಸಿದರು, ಬುಟ್ಟಿಯಲ್ಲಿಟ್ಟು ಮುಂದಿನ ಹೊದಿಕೆಯನ್ನು ಹಗ್ಗದಿಂದ ಎಳೆದುಕೊಂಡರು.